0.331 ಮತ್ತು 0.323: ಒಂದು ಪದ ಬಿಟ್ಟಾಗ ಏನಾಯಿತು

ಹೀಟ್ ಟ್ರಾನ್ಸ್‌ಫರ್ ಪಾಠ ಮಾಡುವವರೆಲ್ಲ ಈ ಲೆಕ್ಕವನ್ನು ಬೋರ್ಡ್ ಮೇಲೆ ಬಿಡಿಸಿರುತ್ತಾರೆ. ಚಪ್ಪಟೆ ಫಲಕದ ಮೇಲೆ ಲ್ಯಾಮಿನಾರ್ ಹರಿವು, ಉಷ್ಣತೆಗೆ ಕ್ಯೂಬಿಕ್ ಪ್ರೊಫೈಲ್, ಕೊನೆಗೆ 0.33 ಸುತ್ತಮುತ್ತ ಒಂದು ಸಂಖ್ಯೆ. ನಾನೂ ಹಲವು ವರ್ಷ ಹಾಗೇ ಮಾಡುತ್ತಿದ್ದೆ. ಒಂದು ದಿನ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳು: "ಮೇಡಂ, Pr ಒಂದೇ ಆದ್ರೆ ವೇಗದ ಸಮೀಕರಣ, ಉಷ್ಣತೆಯ ಸಮೀಕರಣ ಎರಡೂ ಒಂದೇ ಅಲ್ವಾ? ಹಾಗಿದ್ರೆ ಎರಡು ಪದರಗಳ ದಪ್ಪ ಯಾಕೆ ಬೇರೆ ಬೇರೆ ಬರ್ತಿದೆ?" ಅವಳು ಹೇಳಿದ್ದು ಸರಿ ಇತ್ತು. ಬೋರ್ಡ್ ಮೇಲೆ δt/δ = 0.976 ಅಂತ ಇತ್ತು. ಅದು 1 ಇರಬೇಕಿತ್ತು.

ಆ ಸಂಜೆ ಮನೆಯಲ್ಲಿ ಕೂತು ಮೊದಲಿಂದ ಬಿಡಿಸಿದೆ. ಪ್ರೊಫೈಲ್ ಎಲ್ಲಿಂದ ಬರುತ್ತದೆ ಅನ್ನುವುದರಿಂದಲೇ ಶುರು ಮಾಡಿದೆ. ಮೂರನೇ ಘಾತದ ಬಹುಪದಿಗೆ ನಾಲ್ಕು ಗುಣಾಂಕ, ಹಾಗಾಗಿ ನಾಲ್ಕು ಷರತ್ತು ಬೇಕು. ಗೋಡೆಯ ಹತ್ತಿರ ಉಷ್ಣತೆ Tw. ಪದರದ ಅಂಚಿನಲ್ಲಿ T∞, ಅಲ್ಲೇ ಇಳಿಜಾರು ಸೊನ್ನೆ. ನಾಲ್ಕನೆಯದನ್ನು ಮಕ್ಕಳು ಹೆಚ್ಚಾಗಿ ಮರೆಯುತ್ತಾರೆ: ಗೋಡೆಯಲ್ಲಿ ಎರಡನೇ ಅವಕಲನ ಸೊನ್ನೆ. ಅದು ಸುಮ್ನೆ ಅನುಕೂಲಕ್ಕೆ ಹಾಕಿಕೊಂಡದ್ದಲ್ಲ. ಗೋಡೆಯಲ್ಲಿ ದ್ರವ ಚಲಿಸುವುದಿಲ್ಲ, ಹಾಗಾಗಿ ಅಲ್ಲಿ ಶಕ್ತಿ ಸಮೀಕರಣದ ಎಡಭಾಗ ಪೂರ್ತಿ ಸೊನ್ನೆಯಾಗುತ್ತದೆ. ಉಳಿಯುವುದು ಈ ಷರತ್ತೇ.

ವೇಗಕ್ಕೂ ಅದೇ ಆಕಾರ ಬರುತ್ತದೆ. ಅದರಿಂದ δ = 4.64 x/√Re. ಇಲ್ಲಿ θ = (T − Tw)/(T∞ − Tw), ಮತ್ತು ζ = δt/δ ಅಂತ ಇಟ್ಟುಕೊಂಡಿದ್ದೇನೆ.

```
u/U = 1.5(y/δ)  − 0.5(y/δ)^3
θ   = 1.5(y/δt) − 0.5(y/δt)^3
d/dx ∫ u(1 − θ) dy = α (dθ/dy) at y = 0
∫ u(1 − θ) dy = U δ [ (3/20) ζ^2 − (3/280) ζ^4 ]
```

ಇಂಟಿಗ್ರಲ್‌ನ ಮೇಲಿನ ಮಿತಿ δt, δ ಅಲ್ಲ. δt ದಾಟಿದ ಮೇಲೆ 1 − θ ಸೊನ್ನೆ, ಅಲ್ಲಿಂದಾಚೆ ಸೇರಿಸಲು ಏನೂ ಇಲ್ಲ. ಉಷ್ಣದ ಪದರ ತೆಳ್ಳಗಿದ್ದಾಗ δವರೆಗೆ ಹೋದರೆ θದ ಕ್ಯೂಬಿಕ್ ತನ್ನ ಅಂಚು ದಾಟಿ ತಿರುಗಿ ಕೆಳಗಿಳಿಯುತ್ತದೆ, ಉತ್ತರ ಕೆಡುತ್ತದೆ. ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಜಾಸ್ತಿ ನೋಡಿರುವ ತಪ್ಪು ಇದೇ.

ಸಾಮಾನ್ಯವಾಗಿ ಇಲ್ಲಿ ಒಂದು ಸಾಲು ಬರುತ್ತದೆ: ζ ಒಂದಕ್ಕಿಂತ ಚಿಕ್ಕದು, ಆದ್ದರಿಂದ ζ⁴ ಪದವನ್ನು ಬಿಡೋಣ. ಬಿಡುವುದಕ್ಕೆ ಒಳ್ಳೆಯ ಕಾರಣವೇ ಇದೆ. ಫಲಕದ ಮೊದಲ ತುಂಡು ಬಿಸಿಯಾಗಿಲ್ಲದೆ, x₀ ಇಂದ ಮುಂದಕ್ಕೆ ಮಾತ್ರ ಬಿಸಿಯಿದ್ದರೆ ζ ಸೊನ್ನೆಯಿಂದ ಶುರುವಾಗಿ x ಜೊತೆ ಬದಲಾಗುತ್ತದೆ. ಪದ ಬಿಟ್ಟರೆ ζ³ರಲ್ಲಿ ಸರಳವಾದ ಸಮೀಕರಣ ಸಿಗುತ್ತದೆ, ಕೈಯಲ್ಲೇ ಬಿಡಿಸಬಹುದು. ಅದರಿಂದ [1 − (x₀/x)^(3/4)] ಇರುವ ಚೆಂದದ ಉತ್ತರ ಬರುತ್ತದೆ. ಪೂರ್ತಿ ಫಲಕ ಬಿಸಿಯಿದ್ದರೆ ಉಳಿಯುವುದು ಇಷ್ಟು:

```
ζ^3 = (13/14)/Pr
Nu  = 0.331 Pr^(1/3) √Re
```

ಪದ ಬಿಡದಿದ್ದರೆ? ಪೂರ್ತಿ ಬಿಸಿ ಫಲಕದಲ್ಲಿ ζ ಎಲ್ಲ ಕಡೆ ಒಂದೇ. ಹಾಗಾಗಿ ಆಗಲೂ ಕಷ್ಟವಿಲ್ಲ:

```
ζ^3 − ζ^5/14 = (13/14)/Pr
Nu = (0.323/ζ) √Re
```

Pr = 1 ಹಾಕಿ ನೋಡಿ. ζ = 1 ತಾನಾಗಿ ಬರುತ್ತದೆ, ಏನೂ ಉಳಿಯುವುದಿಲ್ಲ. Nu ಗುಣಾಂಕ 0.323. ಗೋಡೆಯ ಘರ್ಷಣೆಗೂ ಇದೇ ಕ್ಯೂಬಿಕ್ 0.323 ಕೊಡುತ್ತದೆ, ರೆನಾಲ್ಡ್ಸ್ ಸಾದೃಶ್ಯ ಸರಿಯಾಗಿ ಕೂರುತ್ತದೆ. ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು: ಬೋರ್ಡ್ ಮೇಲಿನ ತಪ್ಪು ವಿಧಾನದ್ದಲ್ಲ, ಬಿಟ್ಟ ಪದದ್ದು.

ಆದರೆ ನನ್ನ ನೆಮ್ಮದಿ ಅಲ್ಲಿಗೇ ಕೆಟ್ಟಿತು. 1908ರಲ್ಲಿ ಬ್ಲಾಸಿಯಸ್ ನಿಖರವಾಗಿ ಬಿಡಿಸಿದ ವೇಗದ ಉತ್ತರ 0.332. ಪದ ಬಿಟ್ಟಾಗ 0.331, ಉಳಿಸಿಕೊಂಡಾಗ 0.323. ಲೆಕ್ಕವನ್ನು ಸರಿ ಮಾಡಿದಷ್ಟೂ ಉತ್ತರ ನಿಜದಿಂದ ದೂರ ಹೋಗುತ್ತಿದೆಯಲ್ಲ!

ಕಾರಣ ಹುಡುಕಲು ನೀರನ್ನು ತಗೊಂಡೆ. 20 ಡಿಗ್ರಿ ಹತ್ತಿರದ ನೀರಿಗೆ Pr ಸುಮಾರು 7. ವೇಗ ಸೆಕೆಂಡಿಗೆ 0.3 ಮೀಟರ್, ಅಂಚಿನಿಂದ 20 ಸೆಂಟಿಮೀಟರ್ ದೂರ. Re ಸುಮಾರು 60,000, ಅದರ ವರ್ಗಮೂಲ 245. ವೇಗದ ಪದರ 3.8 ಮಿಲಿಮೀಟರ್. ಪೂರ್ತಿ ಸಮೀಕರಣದಿಂದ ζ = 0.513, ಅಂದರೆ ಉಷ್ಣದ ಪದರ 2 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. Nu ಗುಣಾಂಕ 0.630. ಪದ ಬಿಟ್ಟರೆ 0.634. ನಿಖರ ಉತ್ತರ ಸುಮಾರು 0.645. ವಾಹಕತೆ 0.6 ಅಂತ ಇಟ್ಟರೆ h ಕ್ರಮವಾಗಿ ಸುಮಾರು 463, 466, 474 W/m²K.

ಇಲ್ಲಿ ಎರಡೂ ಕಡಿಮೆ ಬಂದವು. Pr ಇನ್ನೂ ಜಾಸ್ತಿಯಾದರೆ ζ ಚಿಕ್ಕದಾಗಿ ಆ ಪದಕ್ಕೆ ಬೆಲೆಯೇ ಇರುವುದಿಲ್ಲ. ಆಗ ನಿಖರ ಉತ್ತರ 0.339 Pr^(1/3) ಕಡೆ ಹೋಗುತ್ತದೆ, ನಮ್ಮದು 0.331ರಲ್ಲೇ ನಿಲ್ಲುತ್ತದೆ. ಅಂದರೆ ಶೇ 2.3ರಷ್ಟು ಕಡಿಮೆ. Pr = 1ರಲ್ಲಿ 0.323 ಇದ್ದದ್ದೂ 0.332ಕ್ಕಿಂತ ಶೇ 2.7 ಕಡಿಮೆ. ಈಗ ಚಿತ್ರ ತಿಳಿಯಾಯಿತು. ಕ್ಯೂಬಿಕ್ ಪ್ರೊಫೈಲ್ ಇಟ್ಟುಕೊಂಡರೆ ಈ ವಿಧಾನ ನಾನು ನೋಡಿದ ಎಲ್ಲ ಕಡೆಯೂ ಎರಡೂವರೆ ಶೇಕಡದಷ್ಟು ಕಡಿಮೆ ತೋರಿಸುತ್ತದೆ. ಅದು ಅದರ ಸ್ವಂತ ದೋಷ.

ಬಿಟ್ಟ ಪದ ಇದನ್ನು ಮುಚ್ಚಿಹಾಕುತ್ತದೆ. ಆ ಪದದ ಚಿಹ್ನೆ ಋಣ. ಅದನ್ನು ತೆಗೆದರೆ, ಅಷ್ಟೇ ದಪ್ಪದ ಪದರ ಇರುವುದಕ್ಕಿಂತ ಜಾಸ್ತಿ ಶಾಖ ಹೊತ್ತೊಯ್ಯುತ್ತದೆ ಅಂತ ಲೆಕ್ಕ ತಿಳಿಯುತ್ತದೆ. ಆಗ ತೆಳುವಾದ ಪದರವೇ ಸಾಕಾಗುತ್ತದೆ. ಪದರ ತೆಳುವಾದರೆ ಗೋಡೆಯ ಹತ್ತಿರ ಇಳಿಜಾರು ಕಡಿದಾಗುತ್ತದೆ, h ಏರುತ್ತದೆ. ζ = 1 ಇದ್ದಾಗ ಬಿಟ್ಟದ್ದು ಹದಿನಾಲ್ಕರಲ್ಲಿ ಒಂದು ಪಾಲು, ಸುಮಾರು ಶೇ 7. ಘನಮೂಲ ತೆಗೆದಾಗ ಅದು ಶೇ 2.5 ಆಗುತ್ತದೆ. ಒಂದು ದೋಷ ಕೆಳಕ್ಕೆ ಎಳೆದರೆ ಇನ್ನೊಂದು ಹೆಚ್ಚುಕಡಿಮೆ ಅಷ್ಟೇ ಮೇಲಕ್ಕೆ ತಳ್ಳುತ್ತದೆ.

ಈಗ ಗಾಳಿ, Pr = 0.7. ಇಲ್ಲಿ ಸೂತ್ರ ζ = 1.1 ಕೊಡುತ್ತದೆ. ಉಷ್ಣದ ಪದರ ವೇಗದ ಪದರವನ್ನು ದಾಟಿಬಿಟ್ಟಿತು, ζ ಒಂದಕ್ಕಿಂತ ಚಿಕ್ಕದು ಅಂತ ಹಿಡಿದದ್ದೇ ಮುರಿಯಿತು. ಸರಿಯಾಗಿ ಮಾಡಬೇಕಾದರೆ ಇಂಟಿಗ್ರಲ್ ಎರಡು ತುಂಡಾಗಬೇಕು: δವರೆಗೆ ಕ್ಯೂಬಿಕ್ ವೇಗ, ಅಲ್ಲಿಂದ δtವರೆಗೆ ಬರೀ U. ಹಾಗೆ ಬಿಡಿಸಿದಾಗ ಬರುವ ಸಮೀಕರಣ ಇದು:

```
0.375 ζ^2 − 0.375 ζ + 0.15 − (3/280)/ζ^2 = 0.1393/Pr
```

ಕ್ಯಾಲ್ಕುಲೇಟರಿನಲ್ಲಿ ನಾಲ್ಕೈದು ಸಲ ಊಹಿಸಿದರೆ ζ = 1.135 ಸಿಗುತ್ತದೆ. Nu ಗುಣಾಂಕ 0.285. ಪದ ಬಿಟ್ಟ ಸೂತ್ರ 0.294, ನಿಖರ ಉತ್ತರ 0.293. ಮತ್ತೆ ಅದೇ ಶೇ 2.7 ಕಡಿಮೆ, ಮತ್ತೆ ಅದೇ ಮುಚ್ಚಿಹೋಗುವಿಕೆ. ಗಾಳಿಗೆ ಅಷ್ಟು ಚೆನ್ನಾಗಿ ಹೊಂದುತ್ತದಲ್ಲ ಅಂತ ನಾನು ಮಕ್ಕಳಿಗೆ ಹೇಳಿಕೊಂಡು ಬಂದಿದ್ದ ಮಾತಿಗೆ ಕಾರಣ ಇದು.

ಮರುದಿನ ತರಗತಿಯಲ್ಲಿ ಬೋರ್ಡನ್ನು ಮೂರು ಕಂಬವಾಗಿ ಗೀಟೆಳೆದು ಇದನ್ನೆಲ್ಲ ಬರೆದೆ: ಪದ ಬಿಟ್ಟದ್ದು, ಬಿಡದೆ ಮಾಡಿದ್ದು, ನಿಖರವಾದದ್ದು. ಗಾಳಿ, Pr = 1, ನೀರು, ಒಂದರ ಕೆಳಗೆ ಒಂದು. ಆ ಹುಡುಗಿ ಎರಡನೇ ಮತ್ತು ಮೂರನೇ ಕಂಬವನ್ನು ಭಾಗಿಸುತ್ತಾ ಬಂದು, "ಮೂರರಲ್ಲೂ 0.97 ಹತ್ತಿರಾನೇ ಬರ್ತಿದೆ ಮೇಡಂ" ಅಂದಳು. ಮೊದಲನೇ ಕಂಬದಲ್ಲಿ ಮಾತ್ರ ಅದು ಸಾಲಿನಿಂದ ಸಾಲಿಗೆ ಓಡಾಡುತ್ತಿತ್ತು.