ಎರಡು ಸೆಲ್‌ಗಳ ಬ್ಯಾಟರಿಯಲ್ಲಿ ಶಾಖ ಕಡಿಮೆಯಾಗುವುದು ಎಲ್ಲಿ?

ಕೈಯಲ್ಲಿ ಹಿಡಿದು ಬಳಸುವ ಉಪಕರಣವೊಂದಕ್ಕೆ ಬಹುಬೇಗ ತುಂಬುವ ಬ್ಯಾಟರಿಯನ್ನು ರೂಪಿಸುವ ಕೆಲಸದಲ್ಲಿ, 4500 ಮಿಲಿಆಂಪಿಯರ್-ಅವರ್‌ನ ಒಂದೇ ಸೆಲ್ ಸಾಕೇ ಅಥವಾ 2250ರ ಎರಡು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಬೇಕೇ ಎಂಬುದನ್ನು ನಾನು ಮೊದಲು ತೀರ್ಮಾನಿಸಬೇಕಿತ್ತು. ಎರಡರಲ್ಲೂ ಸಂಗ್ರಹವಾಗುವ ಶಕ್ತಿ ಒಂದೇ. ಆದರೆ 52 ವ್ಯಾಟ್ ಒಳಹರಿಸಲು ಒಂಟಿ ಸೆಲ್‌ಗೆ ಸುಮಾರು 4 ವೋಲ್ಟ್‌ನಲ್ಲಿ 13 ಆಂಪಿಯರ್ ಬೇಕಾದರೆ, ಜೋಡಿಗೆ 8 ವೋಲ್ಟ್‌ನಲ್ಲಿ 6.5 ಆಂಪಿಯರ್ ಸಾಕು.

ಕನೆಕ್ಟರ್, ರಕ್ಷಣಾ ಸ್ವಿಚ್ ಮತ್ತು ಬೋರ್ಡಿನ ತಾಮ್ರದ ಹಾದಿಯ ಒಟ್ಟು ರೋಧವನ್ನು 20 ಮಿಲಿಓಮ್ ಎಂದು ಹಿಡಿದು ಲೆಕ್ಕ ಹಾಕಿದೆ. ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 13 ಆಂಪಿಯರ್ ಹರಿದಾಗ ಈ ಹಾದಿಯಲ್ಲಿ 3.4 ವ್ಯಾಟ್ ಶಾಖವಾಗುತ್ತದೆ, 6.5 ಆಂಪಿಯರ್ ಹರಿದಾಗ 0.85 ವ್ಯಾಟ್ ಮಾತ್ರ.

ಸೆಲ್‌ಗಳ ಒಳಗೆ ಮಾತ್ರ ಇಂಥ ಉಳಿತಾಯವಿಲ್ಲ. ಸಾಮರ್ಥ್ಯ ಅರ್ಧವಾದ ಸೆಲ್ಲಿನ ಒಳರೋಧ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ: 15 ಮಿಲಿಓಮ್‌ನ ದೊಡ್ಡ ಸೆಲ್ 2.5 ವ್ಯಾಟ್ ಶಾಖ ಕೊಟ್ಟರೆ, 30 ಮಿಲಿಓಮ್‌ನ ಎರಡು ಸಣ್ಣ ಸೆಲ್‌ಗಳು ಸೇರಿ ಕೊಡುವುದೂ ಅಷ್ಟೇ. ಸಾಮರ್ಥ್ಯಕ್ಕೆ ಹೋಲಿಸಿದ ಕರೆಂಟ್ ಎರಡು ಜೋಡಣೆಗಳಲ್ಲೂ ಒಂದೇ ಆಗಿರುವುದರಿಂದ, ಆನೋಡಿನ ಮೇಲೆ ಲಿಥಿಯಂ ಲೋಹ ಕೂಡುವ ಅಪಾಯವೂ ಇದರಿಂದ ತಗ್ಗದು. ಅದನ್ನು ತಗ್ಗಿಸಲು ತೆಳುವಾದ ಎಲೆಕ್ಟ್ರೋಡ್‌ಗಳ ಸೆಲ್‌ಗಳನ್ನೇ ಆರಿಸಿಕೊಂಡೆ, ತಂಪು ವಾತಾವರಣದಲ್ಲಿ ಕರೆಂಟನ್ನು ಇಳಿಸುವ ವ್ಯವಸ್ಥೆಯನ್ನೂ ಮಾಡಿದೆ. ಬ್ಯಾಟರಿಯನ್ನು ಎರಡು ಸೆಲ್‌ಗಳಾಗಿ ವಿಂಗಡಿಸಿದ ಮಾತ್ರಕ್ಕೆ ಸೆಲ್ಲೇ ತಣ್ಣಗಾಗುತ್ತದೆ ಎಂಬ ನಂಬಿಕೆ ಏಕೆ ಇಷ್ಟು ಹರಡಿದೆಯೋ!

ಉಪಕರಣದ ಉಳಿದ ಭಾಗಗಳು 4 ವೋಲ್ಟ್ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ, ವೋಲ್ಟೇಜನ್ನು ಅರ್ಧಕ್ಕಿಳಿಸುವ ಚಾರ್ಜ್ ಪಂಪ್ ಬೇಕಾಯಿತು. ಬಳಕೆಯುದ್ದಕ್ಕೂ ಅದು ನುಂಗುವ ಶಕ್ತಿ ಅಲ್ಪವೇ ಆದರೂ ಲೆಕ್ಕಕ್ಕೆ ಸೇರಲೇಬೇಕು.

ಹೆಚ್ಚು ಗಮನ ಬೇಡಿದ್ದು ಎರಡು ಸೆಲ್‌ಗಳ ನಡುವಿನ ಸಮತೋಲ. ಒಂದು ಸೆಲ್ ಪ್ರೊಸೆಸರ್ ಪಕ್ಕದಲ್ಲಿದ್ದರೆ ಅದು ಬೇಗ ಹಳೆಯದಾಗುತ್ತದೆ; ಆಮೇಲೆ ಎರಡರಲ್ಲಿ ಮೊದಲು ಗರಿಷ್ಠ ವೋಲ್ಟೇಜ್ ಮುಟ್ಟುವ ಸೆಲ್ಲೇ ಇಡೀ ಚಾರ್ಜಿಂಗನ್ನು ತಡೆಹಿಡಿಯುತ್ತದೆ. ಆದ್ದರಿಂದ ನಾನು ಒಟ್ಟು ವೋಲ್ಟೇಜಿನ ಜೊತೆಗೆ ಪ್ರತಿ ಸೆಲ್ಲಿನದನ್ನೂ ಬೇರೆಬೇರೆಯಾಗಿ ದಾಖಲಿಸುತ್ತೇನೆ. ಚಾರ್ಜ್ ಆಗುವಾಗ ಕಂಡ ಅಂತರ ಕರೆಂಟ್ ನಿಲ್ಲಿಸಿದ ಮೇಲೆ ಮಾಯವಾದರೆ ಅದು ಒಳರೋಧದ ವ್ಯತ್ಯಾಸ, ವಿಶ್ರಾಂತಿಯ ನಂತರವೂ ಉಳಿದರೆ ತುಂಬಿದ ಪ್ರಮಾಣದ ವ್ಯತ್ಯಾಸ. ಎರಡನೆಯದನ್ನು ಮಾತ್ರ, ಹೆಚ್ಚು ತುಂಬಿದ ಸೆಲ್ಲಿನ ಚಾರ್ಜನ್ನು ಹರಿಸಿಬಿಡುವ ಬ್ಯಾಲೆನ್ಸಿಂಗ್ ರೆಸಿಸ್ಟರ್ ಸರಿಪಡಿಸಬಲ್ಲದು, ಅದೂ ನಿಧಾನವಾಗಿ. ತುಂಬಿದಾಗ ಮೇಲಿದ್ದ ಸೆಲ್ಲೇ ಖಾಲಿಯಾಗುವಾಗ ಕೆಳಗಿಳಿದರೆ ಅದರ ಸಾಮರ್ಥ್ಯವೇ ಕುಗ್ಗಿದೆಯೆಂದು ತಿಳಿದು, ಬ್ಯಾಲೆನ್ಸಿಂಗ್ ಬಿಟ್ಟು ಜೋಡಿಯನ್ನೇ ಬದಲಿಸುತ್ತೇನೆ.