ಗೀಸರ್ ಪ್ಲಗ್ ಸುಟ್ಟರೆ ಪ್ಲಗ್ ಮಾತ್ರ ಬದಲಾಯಿಸಬೇಡಿ

ಗೀಸರ್, ಇಸ್ತ್ರಿ ಪೆಟ್ಟಿಗೆ ಅಥವಾ ನೀರು ಕಾಯಿಸುವ ರಾಡ್ ಹಾಕುವ ಸಾಕೆಟ್ಟಿನ ಒಂದು ರಂಧ್ರದ ಸುತ್ತ ಕಂದು ಬಣ್ಣದ ಉಂಗುರ ಕಾಣಿಸಿದರೆ ಅಥವಾ ಪ್ಲಾಸ್ಟಿಕ್ ಮೆತ್ತಗಾಗಿ ಅಂಚು ಒಳಕ್ಕೆ ಕುಸಿದಿದ್ದರೆ, ಆ ಸಾಕೆಟ್ಟನ್ನು ಅಂದಿನಿಂದಲೇ ಬಳಸುವುದನ್ನು ನಿಲ್ಲಿಸಬೇಕು. ಎಂಸಿಬಿ ಬಿದ್ದಿಲ್ಲವಲ್ಲ ಎಂದು ಅನೇಕರು ಸುಮ್ಮನಿರುತ್ತಾರೆ. ಎಂಸಿಬಿ ಬೀಳುವುದು ಕರೆಂಟು ಮಿತಿ ಮೀರಿದಾಗ; ಇಲ್ಲಿ ಕರೆಂಟು ಹೆಚ್ಚಾಗಿರುವುದಿಲ್ಲ, ಅದು ಹಾದು ಹೋಗುವ ಜಾಗ ಮಾತ್ರ ಕೆಟ್ಟಿರುತ್ತದೆ.

ಸಾಕೆಟ್ಟಿನ ಪ್ರತಿ ರಂಧ್ರದ ಹಿಂದೆ ಪಿನ್ನನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಲೋಹದ ಪಟ್ಟಿಗಳಿರುತ್ತವೆ. ಪ್ಲಗ್ಗನ್ನು ದಿನವೂ ಹಾಕಿ ತೆಗೆಯುವುದರಿಂದ, ಅದರಲ್ಲೂ ಸ್ವಿಚ್ ಆರಿಸದೆ ಎಳೆದಾಗ ಹಾರುವ ಕಿಡಿಯಿಂದ, ಈ ಪಟ್ಟಿಗಳು ಸವೆದು ಹಿಡಿತ ಕಳೆದುಕೊಳ್ಳುತ್ತವೆ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಹಿಡಿತ ಬಿಗಿಯಾಗಿದ್ದು ಅಲ್ಲಿನ ಪ್ರತಿರೋಧ 0.01 ಓಮ್ ಇದ್ದರೆ ಹುಟ್ಟುವ ಶಾಖ ಒಂದು ವ್ಯಾಟಿಗಿಂತ ಕಡಿಮೆ. ಅದೇ ಸಡಿಲವಾಗಿ, ಮಸಿ ಹಿಡಿದು 0.3 ಓಮ್ ಆದರೆ, ಸುಮಾರು 23 ವ್ಯಾಟಿನಷ್ಟು ಶಾಖ ಆ ಪುಟ್ಟ ಜಾಗದಲ್ಲಿಯೇ ಹುಟ್ಟುತ್ತದೆ. ಇದು ರೇಡಿಯೋ ರಿಪೇರಿ ಅಂಗಡಿಯ ಸಣ್ಣ ಸೋಲ್ಡರಿಂಗ್ ಕಡ್ಡಿಯ ಶಾಖಕ್ಕೆ ಹತ್ತಿರದ್ದು. ಶಾಖ ತಗುಲಿದ ಪಟ್ಟಿ ಮತ್ತಷ್ಟು ಮೆತ್ತಗಾಗಿ ಹಿಡಿತ ಇನ್ನೂ ಸಡಿಲವಾಗುತ್ತದೆ, ಆದ್ದರಿಂದ ಒಮ್ಮೆ ಶುರುವಾದ ಸುಡುವಿಕೆ ತಾನಾಗಿ ನಿಲ್ಲುವುದಿಲ್ಲ.

ನನ್ನ ತಮ್ಮನ ಮನೆಯಲ್ಲಿ ನಡೆದದ್ದು ಇದೇ. ಗೀಸರಿನ ಪ್ಲಗ್ಗಿನಲ್ಲಿ ಒಂದು ಪಿನ್ನಿನ ಬುಡ ಕರಗಿತ್ತು, ಅವನು ಹೊಸ ಪ್ಲಗ್ ತಂದು ಹಾಕಿಸಿದ, ಕೆಲವು ವಾರಗಳಲ್ಲೇ ಅದೂ ಅದೇ ಜಾಗದಲ್ಲಿ ಸುಟ್ಟಿತು. ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿದಾಗ ಫೇಸ್ ಕಡೆಯ ಪಟ್ಟಿ ಕಪ್ಪಾಗಿ, ಬಾಯಿ ಅಗಲಿಸಿಕೊಂಡಿತ್ತು. ನ್ಯೂಟ್ರಲ್ ಕಡೆಯದು ಹೊಳಪಾಗಿಯೇ ಇತ್ತು. ಫೇಸ್ ತಂತಿಯ ತುದಿಯ ಹೊದಿಕೆಯೂ ಎರಡು ಬೆರಳಗಲ ಒರಟಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಹೊಸ ಪ್ಲಗ್ಗನ್ನು ಸುಟ್ಟದ್ದು ಹಳೆಯ ಸಾಕೆಟ್. ಹಾಗೆಯೇ, ಕಪ್ಪಾಗಿ ಗುಳಿ ಬಿದ್ದ ಹಳೆಯ ಪಿನ್ ಹೊಸ ಸಾಕೆಟ್ಟನ್ನು ಕೆಡಿಸುತ್ತದೆ. ಆದುದರಿಂದ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಪಿನ್ನನ್ನು ಉಪ್ಪುಕಾಗದದಿಂದ ಉಜ್ಜುವುದು, ಪಟ್ಟಿಯನ್ನು ಇಕ್ಕಳದಿಂದ ಅಮುಕುವುದು ಇವೆರಡನ್ನೂ ನಾನು ಒಪ್ಪುವುದಿಲ್ಲ. ಕಾದು ಮೆತ್ತಗಾದ ಲೋಹಕ್ಕೆ ಹಳೆಯ ಸ್ಪ್ರಿಂಗ್ ಗುಣ ಅಮುಕಿದರೆ ಮರಳುವುದಿಲ್ಲ.

ಕರಗುವ ಮುನ್ನವೇ ದೋಷವನ್ನು ಹಿಡಿಯಬಹುದು. ಕಲೆಯಾಗಲಿ ಸುಟ್ಟ ವಾಸನೆಯಾಗಲಿ ಇಲ್ಲದ ಸಾಕೆಟ್ಟಿನಲ್ಲಿ ಗೀಸರನ್ನು ಇಪ್ಪತ್ತು ನಿಮಿಷ ನಡೆಸಿ, ಒಣಗಿದ ಕೈಯಿಂದ ಸ್ವಿಚ್ ಆರಿಸಿ ಪ್ಲಗ್ಗನ್ನು ಎಳೆಯಿರಿ. ಪಿನ್ ಕೈ ಸುಡುವಷ್ಟು ಬಿಸಿಯಿರಬಹುದಾದ್ದರಿಂದ ಮೊದಲು ಬೆರಳ ಬೆನ್ನನ್ನು ಹತ್ತಿರ ಹಿಡಿದು ನೋಡಿ. ಫೇಸ್, ನ್ಯೂಟ್ರಲ್ ಪಿನ್ನುಗಳಲ್ಲಿ ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಆ ಕಡೆಯ ಹಿಡಿತ ಸಡಿಲ, ಇಲ್ಲವೇ ಪ್ಲಗ್ಗಿನೊಳಗೆ ಆ ತಂತಿಯ ಸ್ಕ್ರೂ ಸಡಿಲ. ಪ್ಲಗ್ಗಿನ ಮುಖ ಚೆನ್ನಾಗಿದ್ದು, ತಂತಿ ಸೇರುವ ಒಳಭಾಗ ಮಾತ್ರ ಕರಗಿದ್ದರೆ ದೋಷ ಸ್ಕ್ರೂವಿನದು. ಪ್ಲಗ್ ತನ್ನ ಭಾರಕ್ಕೇ ಜಾರಿ ಬರುವಂತಿದ್ದರೆ ಪರೀಕ್ಷೆಯೇ ಬೇಡ, ಸಾಕೆಟ್ ಸವೆದಿದೆ.

ಬದಲಾಯಿಸುವ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ಕೆಲವನ್ನು ಗಮನಿಸಿ. ಬರೀ ಬೋರ್ಡಿನ ಸ್ವಿಚ್ ಆರಿಸಿದರೆ ಸಾಲದು, ಮೈನ್ ಆರಿಸಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಅದನ್ನೂ ಆರಿಸಬೇಕು, ಏಕೆಂದರೆ ಮೈನ್ ಆರಿದರೂ ಅದೇ ಬೋರ್ಡಿನ ಇನ್ನೊಂದು ತಂತಿಯಲ್ಲಿ ಇನ್ವರ್ಟರಿನ ಕರೆಂಟು ಇರಬಹುದು. ಮೈನ್ ಆರಿಸುವ ಮೊದಲೇ ಕರೆಂಟು ಇರುವ ಬೇರೆ ಪಾಯಿಂಟಿನಲ್ಲಿ ಟೆಸ್ಟರ್ ಉರಿಯುತ್ತದೆಯೇ ಎಂದು ನೋಡಿಟ್ಟುಕೊಂಡು, ಆರಿಸಿದ ಬಳಿಕ ಬಿಚ್ಚುವ ಮುನ್ನ ಎಲ್ಲ ತಂತಿಗಳನ್ನೂ ಪರೀಕ್ಷಿಸಬೇಕು. ಸುಟ್ಟ ತುದಿಯನ್ನು ಹೊಳೆಯುವ ತಾಮ್ರ ಮತ್ತು ಮೃದುವಾದ ಹೊದಿಕೆ ಸಿಗುವವರೆಗೆ ಕತ್ತರಿಸಬೇಕು. ತಂತಿ ಗಿಡ್ಡವಾದರೆ ಟೇಪ್ ಸುತ್ತಿ ಜೋಡಿಸದೆ ಹೊಸದನ್ನೇ ಎಳೆಸಬೇಕು. 16 ಆಂಪಿಯರ್ ಸಾಕೆಟ್ಟಿಗೆ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಬೇಕು. ಐಎಸ್ಐ ಗುರುತಿನ 16 ಆಂಪಿಯರ್ ಸಾಕೆಟ್ ಮತ್ತು ಅದಕ್ಕೆ ಹೊಂದುವ ದಪ್ಪ ಪಿನ್ನಿನ ಪ್ಲಗ್ಗನ್ನೇ ತರಿಸಿ. ಕನ್ವರ್ಟರ್ ಹಾಕಿ ಗೀಸರನ್ನು 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸುವುದು ಎಂದಿಗೂ ಬೇಡ. ಸ್ಕ್ರೂ ಬಿಗಿದ ಮೇಲೆ ಪ್ರತಿ ತಂತಿಯನ್ನೂ ಎಳೆದು ನೋಡಲು ಹೇಳಿ, ಅರ್ಥಿಂಗ್ ತಂತಿ ಮೇಲಿನ ದೊಡ್ಡ ರಂಧ್ರಕ್ಕೆ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಒಂದು ವಾರ ಬಳಸಿದ ನಂತರ ಮೇಲೆ ಹೇಳಿದ ಇಪ್ಪತ್ತು ನಿಮಿಷದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಎರಡು ಪಿನ್ನುಗಳೂ ಒಂದೇ ರೀತಿ ಸ್ವಲ್ಪವೇ ಬೆಚ್ಚಗಿದ್ದರೆ ಕೆಲಸ ಸರಿಯಾಗಿದೆ.