ಕೆರೆ ಗುತ್ತಿಗೆ ರದ್ದಾದಾಗ ನಾನು ಬರೆದ ರಿಟ್: ಕೊನೆಯ ಪುಟ ಮೊದಲು

ರಿಟ್ ಅರ್ಜಿಯನ್ನು ನಾನು ಕೆಳಗಿನಿಂದ ಮೇಲಕ್ಕೆ ಬರೆಯುತ್ತೇನೆ. ಮೊದಲು ಇಂಟರಿಮ್ ಪ್ರೇಯರ್ ಅಂದರೆ ಮಧ್ಯಂತರ ಪ್ರಾರ್ಥನೆ, ಆಮೇಲೆ ಗ್ರೌಂಡ್ಸ್, ಕೊನೆಗೆ ಸಂಗತಿಗಳು. ನಮ್ಮ ವಕೀಲರ ಬಳಗದಲ್ಲಿ ಇದನ್ನು ಕೇಳಿ ನಕ್ಕವರೇ ಜಾಸ್ತಿ. ಒಬ್ಬ ಹಿರಿಯರಂತೂ "ಕಥೆ ಗೊತ್ತಿಲ್ಲದೆ ಮಂಗಳ ಹಾಡ್ತೀಯಲ್ಲೋ" ಅಂದಿದ್ದರು. ಈ ಕೆರೆ ಪ್ರಕರಣ ಗೆದ್ದ ಮೇಲೆ ಅವರೇ ನನ್ನ ಡ್ರಾಫ್ಟಿನ ಪ್ರತಿ ಕೇಳಿ ತರಿಸಿಕೊಂಡರು. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಕಕ್ಷಿದಾರರು ಒಂದು ಮೀನುಗಾರರ ಸಹಕಾರ ಸಂಘ. ಸುಮಾರು 40 ಹೆಕ್ಟೇರಿನ ಕೆರೆ, 5 ವರ್ಷದ ಗುತ್ತಿಗೆ, ಮೂರನೇ ವರ್ಷ ನಡೆಯುತ್ತಿತ್ತು. ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲ್ ಸೇರಿ 80 ಸಾವಿರದಷ್ಟು ಮರಿ ಬಿಟ್ಟಿದ್ದರು. ಗುತ್ತಿಗೆ ಹಣ, ಮರಿ, ಬಲೆ, ಕಾವಲು ಎಲ್ಲ ಸೇರಿ ಆ ವರ್ಷ 4 ಲಕ್ಷದ ಹತ್ತಿರ ಹಾಕಿದ್ದರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಸಾಲ. ಜನವರಿಯಲ್ಲಿ ಸರ್ಕಾರದ ಆದೇಶ ಬಂತು. ಗುತ್ತಿಗೆ ರದ್ದು, ಕೆರೆ ಇನ್ನೊಬ್ಬರಿಗೆ. ನೋಟಿಸ್ ಇಲ್ಲ. ಕಾರಣ ಅಂತ ಇದ್ದದ್ದು ಒಂದೇ ಮಾತು: "ಆಡಳಿತಾತ್ಮಕ ಹಿತದೃಷ್ಟಿಯಿಂದ."

ಇದು ಕರಾರಿನ ವಿಷಯ, ಸಿವಿಲ್ ದಾವೆ ಹಾಕಿ ಅಂತ ಎಲ್ಲರೂ ಹೇಳಿದರು. ಸರ್ಕಾರದ ಮೇಲೆ ದಾವೆ ಅಂದರೆ ಸಿಪಿಸಿ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. 80(2)ರಲ್ಲಿ ಅನುಮತಿ ಪಡೆದು ಬೇಗ ಹೋಗಬಹುದು, ನಿಜ. ಅಲ್ಲೂ ಸರ್ಕಾರಕ್ಕೆ ಅವಕಾಶ ಕೊಡದೆ ಯಾವ ಮಧ್ಯಂತರ ಆದೇಶವೂ ಸಿಗುವುದಿಲ್ಲ. ಏಪ್ರಿಲ್ ಹೊತ್ತಿಗೆ ಆ ಕೆರೆಯಲ್ಲಿ ನೀರು ಮೊಣಕಾಲಿಗೆ ಇಳಿಯುತ್ತದೆ. ನೀರು ಕಾದರೆ ಆಮ್ಲಜನಕ ಸಾಲದೆ ಮೀನು ತೇಲುತ್ತದೆ. ಆಮೇಲೆ ಡಿಕ್ರಿ ತಗೊಂಡು ಏನು ಮಾಡುವುದು?

ಹಿಂದೆ ಒಂದು ಲೈಸೆನ್ಸ್ ರದ್ದತಿ ಪ್ರಕರಣದಲ್ಲಿ ರೂಢಿಯಂತೆ ಅರವತ್ತು ಚಿಲ್ಲರೆ ಪುಟದ ಅರ್ಜಿ ಹೋಗಿತ್ತು. ಇಪ್ಪತ್ತಕ್ಕೂ ಮೇಲೆ ಗ್ರೌಂಡ್ಸ್. ಕೊನೆಗೆ "ಆದೇಶಕ್ಕೆ ತಡೆ ಕೊಡಿ" ಅನ್ನುವ ಒಂದೇ ಸಾಲಿನ ಮಧ್ಯಂತರ ಪ್ರಾರ್ಥನೆ. ತಡೆ ಸಿಕ್ಕಿತು, ಆದರೆ ಅಷ್ಟರಲ್ಲಿ ಲೈಸೆನ್ಸ್ ಬೇರೆಯವರ ಕೈ ಸೇರಿತ್ತು. ಜಾರಿಯಾಗಿ ಮುಗಿದ ಆದೇಶಕ್ಕೆ ತಡೆ ಸಿಕ್ಕರೆ ಕಕ್ಷಿದಾರನಿಗೆ ಕಾಗದ ಸಿಗುತ್ತದೆ, ಅಷ್ಟೆ. ಆ ಕೇಸಿನ ಫೀಸನ್ನು ಅರ್ಧದಷ್ಟು ಬಿಟ್ಟುಬಿಟ್ಟೆ.

ಹಾಗಾಗಿ ಈ ಸಲ ಮೊದಲು ಕೇಳಿದ ಪ್ರಶ್ನೆ: ಫೆಬ್ರವರಿ ಕೊನೆಯೊಳಗೆ ಈ ಜನಕ್ಕೆ ಏನು ಸಿಗಲೇಬೇಕು? ಗುತ್ತಿಗೆ ಉಳಿಯಬೇಕು ಅನ್ನುವುದು ದೊಡ್ಡ ಮಾತು. ಅವತ್ತಿಗೆ ಬೇಕಾದದ್ದು ಮೀನು ಹಿಡಿಯುವ ಹಕ್ಕು. ಮಧ್ಯಂತರ ಪ್ರಾರ್ಥನೆಯನ್ನು ಮೂರು ಮೆಟ್ಟಿಲಾಗಿ ಬರೆದೆ. ಒಂದು, ಆದೇಶಕ್ಕೆ ತಡೆ. ಎರಡು, ಅದು ಆಗದಿದ್ದರೆ ಕೆರೆಯ ಸ್ವಾಧೀನದಲ್ಲಿ ಯಥಾಸ್ಥಿತಿ. ಮೂರನೆಯದನ್ನು ಪೂರ್ತಿ ಕೊಡುತ್ತೇನೆ:

"ಮೇಲಿನವಕ್ಕೆ ಪರ್ಯಾಯವಾಗಿ, ಅರ್ಜಿದಾರರು ಈಗಾಗಲೇ ಬಿತ್ತನೆ ಮಾಡಿರುವ ಮೀನನ್ನು ಇಲಾಖೆಯ ಅಧಿಕಾರಿಯ ಸಮಕ್ಷಮದಲ್ಲಿ ಹಿಡಿದು ಮಾರಲು, ತೂಕ ಮತ್ತು ಮಾರಾಟದ ಲೆಕ್ಕವನ್ನು ಈ ನ್ಯಾಯಾಲಯಕ್ಕೆ ಸಲ್ಲಿಸಲು, ಬಂದ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಅಂತಿಮ ಆದೇಶಕ್ಕೆ ಒಳಪಟ್ಟು ಇಡಲು ಅನುಮತಿ ನೀಡಬೇಕು."

ಈ ಮೂರನೇ ಮೆಟ್ಟಿಲಲ್ಲಿ ಸರ್ಕಾರಕ್ಕೆ ಒಂದು ಪೈಸೆ ನಷ್ಟವಿಲ್ಲ. ವಿರೋಧಿಸಲು ಸರ್ಕಾರಿ ವಕೀಲರಿಗೆ ಮಾತೇ ಇರುವುದಿಲ್ಲ. ಅಂತಿಮ ಪರಿಹಾರವನ್ನೇ ಮಧ್ಯಂತರವಾಗಿ ಕೇಳುತ್ತಿದ್ದೀರಿ ಅನ್ನುವ ಆಕ್ಷೇಪಕ್ಕೂ ಜಾಗವಿಲ್ಲ. ಕೋರ್ಟಿನ ಕೈಯಲ್ಲಿ ಹಣ ಇದೆ, ಲೆಕ್ಕ ಇದೆ. ಜೊತೆಗೆ ಸಂಘದ ಅಧ್ಯಕ್ಷರ ಅಫಿಡವಿಟ್‌ನಲ್ಲಿ ಒಂದು ಮುಚ್ಚಳಿಕೆಯ ಸಾಲು ಹಾಕಿದ್ದೆ. ಅದರ ಪದಗಳನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ನಾನೂ ಹೊಟ್ಟೆ ಹೊರೆಯಬೇಕು.

ಪ್ರಾರ್ಥನೆ ಗಟ್ಟಿಯಾದ ಮೇಲೆ ಯಾವ ಸಂಗತಿ ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಮೀನು ಹಿಡಿಯಲು ಬಿಡಿ ಅನ್ನಬೇಕಾದರೆ ಇವತ್ತಿಗೂ ಕೆರೆ ನಮ್ಮ ಕೈಯಲ್ಲಿದೆ ಅಂತ ತೋರಿಸಬೇಕು. ಮರಿ ಬಿಟ್ಟದ್ದಕ್ಕೆ ರಸೀದಿ ಬೇಕು. ನೀರು ಇಳಿಯುತ್ತಿದೆ ಅನ್ನುವುದಕ್ಕೂ ಆಧಾರ ಬೇಕು. ಮರಿ ಖರೀದಿಯ ಬಿಲ್, ಕಾವಲುಗಾರನಿಗೆ ಸಂಬಳ ಕೊಟ್ಟ ಪುಸ್ತಕ, ತೂಬಿನ ಹತ್ತಿರ ನಿಂತು ಬೇರೆ ಬೇರೆ ದಿನ ತೆಗೆದ ಫೋಟೋ. ಇವೆಲ್ಲ ಅನೆಕ್ಷರ್ ಆದವು. ಸಂಘದ ಐವತ್ತು ವರ್ಷದ ಇತಿಹಾಸ ಬರೆಯಿರಿ ಅಂತ ಕಾರ್ಯದರ್ಶಿ ಹಠ ಹಿಡಿದಿದ್ದರು. "ಸಾರ್, ನಮ್ಮ ತಂದೆ ಕಾಲದಿಂದ..." ಅಂತ ಶುರು ಮಾಡಿದರೆ ನಿಲ್ಲುತ್ತಿರಲಿಲ್ಲ. ಒಂದು ಸಾಲಿನಲ್ಲಿ ಮುಗಿಸಿದೆ. ಒಂದು ಪ್ಯಾರಾಕ್ಕೆ ಒಂದು ತಾರೀಖು, ಒಂದು ಕಾಗದ, ಒಂದು ಅನೆಕ್ಷರ್ ಅಕ್ಷರ. ವಿಶೇಷಣ ಒಂದೂ ಇಲ್ಲ.

ಆದರೆ ನಮಗೆ ವಿರುದ್ಧವಾದ ಒಂದು ಸಂಗತಿಯನ್ನು ಬೇಕಂತಲೇ ಹಾಕಿದೆ. ಎರಡನೇ ವರ್ಷದ ಗುತ್ತಿಗೆ ಕಂತನ್ನು ಸಂಘ ತಡವಾಗಿ ಕಟ್ಟಿತ್ತು. ದಂಡ ಸಮೇತ ಕಟ್ಟಿದ ರಸೀದಿ ಇತ್ತು. "ಅದನ್ನು ಯಾಕೆ ನಾವೇ ಹೇಳಬೇಕು ಸಾರ್?" ಅಂತ ಅವರೆಲ್ಲ ಗಾಬರಿಯಾದರು. ಮುಚ್ಚಿಟ್ಟದ್ದು ಆ ಕಡೆಯಿಂದ ಬಂದರೆ ಆ ಒಂದೇ ಕಾರಣಕ್ಕೆ ಅರ್ಜಿ ವಜಾ ಆಗಬಹುದು. ಅದಕ್ಕಿಂತ ಮುಖ್ಯ ಲಾಭ ಇನ್ನೊಂದಿತ್ತು. ಸರ್ಕಾರ ತನ್ನ ಆಕ್ಷೇಪಣೆಯಲ್ಲಿ ಇದನ್ನೇ ರದ್ದತಿಗೆ ಕಾರಣ ಅಂತ ಹೇಳುತ್ತದೆ ಅಂತ ಊಹಿಸಿದ್ದೆ. ಹೇಳಿತು ಕೂಡ. ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಅಫಿಡವಿಟ್‌ನಲ್ಲಿ ತುಂಬುವ ಹಾಗಿಲ್ಲ ಅಂತ ಮೊಹಿಂದರ್ ಸಿಂಗ್ ಗಿಲ್ ತೀರ್ಪು 1977ರಿಂದ ಹೇಳುತ್ತಲೇ ಇದೆ, ನಿಮಗೆಲ್ಲ ಗೊತ್ತಿರುವುದೇ. ಬಲೆ ಮೊದಲೇ ಹಾಸಿಟ್ಟಿದ್ದೆ, ಅವರೇ ಬಂದು ಬಿದ್ದರು.

ಗ್ರೌಂಡ್ಸ್ ಐದೇ. ಪ್ರತಿಯೊಂದೂ ಆದೇಶದ ಒಂದು ಸಾಲಿಗೋ ಕರಾರಿನ ಒಂದು ಷರತ್ತಿಗೋ ಗಂಟು ಹಾಕಿದ್ದು. "ಆದೇಶವು ಕಾನೂನುಬಾಹಿರ, ನಿರಂಕುಶ, ಸಂವಿಧಾನ ವಿರೋಧಿ" ಅಂತ ಸುಮ್ನೆ ಬರೆದರೆ ಯಾರೂ ಓದುವುದಿಲ್ಲ. ನಾನು ಬರೆದದ್ದು ಹೀಗೆ: ಕರಾರಿನ ರದ್ದತಿ ಷರತ್ತಿನಲ್ಲೇ ಮೊದಲು ನೋಟಿಸ್ ಕೊಡಬೇಕು ಅಂತಿದೆ, ಆದೇಶದ ಉಲ್ಲೇಖಗಳ ಪಟ್ಟಿಯಲ್ಲಿ ಯಾವ ನೋಟಿಸೂ ಇಲ್ಲ. ಆ ಉಲ್ಲೇಖ ಪಟ್ಟಿ ಚಿನ್ನದ ಗಣಿ. ಸರ್ಕಾರ ಯಾವ ಕಾಗದ ನೋಡಿ ತೀರ್ಮಾನ ಮಾಡಿತು ಅನ್ನುವುದು ಅಲ್ಲೇ ಇರುತ್ತದೆ, ಯಾವುದನ್ನು ನೋಡಲಿಲ್ಲ ಅನ್ನುವುದೂ. ಎರಡನೆಯದು ಕಾರಣವಿಲ್ಲದ್ದು. ಮೂರನೆಯದು, ಅದೇ ತಾಲ್ಲೂಕಿನ, ಅದೇ ಷರತ್ತಿನ ಇತರ ಕೆರೆಗಳ ಗುತ್ತಿಗೆ ಮುಟ್ಟದೆ ನಮ್ಮದನ್ನು ಮಾತ್ರ ಆರಿಸಿದ್ದು. ನಾಲ್ಕನೆಯದು, ಆದೇಶ ಸರ್ಕಾರದ ಮಟ್ಟದ್ದೇ, ಮೇಲ್ಮನವಿಗೆ ಇನ್ನೊಂದು ಬಾಗಿಲಿಲ್ಲ ಅನ್ನುವುದು. ಐದನೆಯದು ಹಿರಿಯರು ಹೆದರಿಸಿದ್ದ ಕರಾರಿನ ಆಕ್ಷೇಪಕ್ಕೆ ಉತ್ತರ. ಕರಾರಿನಲ್ಲೂ ಸರ್ಕಾರ ಸಮಾನತೆಯ 14ನೇ ವಿಧಿಯಿಂದ ತಪ್ಪಿಸಿಕೊಳ್ಳುವಂತಿಲ್ಲ ಅಂತ 1991ರಲ್ಲಿ ವರದಿಯಾದ ಶ್ರೀಲೇಖಾ ವಿದ್ಯಾರ್ಥಿ ತೀರ್ಪು ಸಾಕಾಯಿತು. ನಾವು ನಷ್ಟ ಪರಿಹಾರ ಕೇಳಲಿಲ್ಲ, ವಾಸ್ತವಾಂಶದ ವಿವಾದ ಎಬ್ಬಿಸಲಿಲ್ಲ. ಕೇಳಿದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಅಂತ ಅವತ್ತೇ ಕಳಿಸುತ್ತಿದ್ದರು.

ದುರುದ್ದೇಶದ ಗ್ರೌಂಡ್ ಹಾಕಿ ಅಂತ ಒತ್ತಾಯ ಜೋರಾಗಿತ್ತು. ಹೊಸ ಗುತ್ತಿಗೆದಾರರಿಗೆ ಯಾರ ಬೆಂಬಲ ಇದೆ ಅನ್ನುವುದು ಊರಿಗೇ ಗೊತ್ತಂತೆ. ದುರುದ್ದೇಶ ಅಂದರೆ ಆ ವ್ಯಕ್ತಿಯನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕು, ವಿವರ ಕೊಡಬೇಕು, ಆಧಾರ ತೋರಿಸಬೇಕು. ಊರಿನ ಮಾತು ಆಧಾರ ಆಗಲ್ಲ. ಕೈಬಿಟ್ಟೆ. ಹೊಸ ಗುತ್ತಿಗೆದಾರರನ್ನು ಮಾತ್ರ ಪ್ರತಿವಾದಿ ಮಾಡಿದೆ, ಅವರಿಲ್ಲದೆ ಅರ್ಜಿ ನಿಲ್ಲುವುದಿಲ್ಲ. ಸಂಘದ ಜೊತೆ ಅಧ್ಯಕ್ಷರನ್ನೂ ಎರಡನೇ ಅರ್ಜಿದಾರರಾಗಿ ಸೇರಿಸಿದೆ. 14ನೇ ವಿಧಿ ಸಂಘಕ್ಕೂ ಸಿಗುತ್ತದೆ, 19(1)(ಜಿ)ಯ ವೃತ್ತಿ ಸ್ವಾತಂತ್ರ್ಯ ನಾಗರಿಕನಿಗೆ ಮಾತ್ರ. ಅದಕ್ಕೆ ಆದ ಹೆಚ್ಚುವರಿ ಖರ್ಚು ಚಿಲ್ಲರೆ ಕಾಸು.

ನಡುವೆ ಒಂದು ಪ್ರಯೋಗ ಮಾಡಿದೆ. ಕಡತದ ಟಿಪ್ಪಣಿ ಹಾಳೆಗೆ ಸಚಿವಾಲಯದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿದರೆ 30 ದಿನ ಆಗಬಹುದು. ಅದರ ಬದಲು ಆ ಪತ್ರವ್ಯವಹಾರದ ಪ್ರತಿಯನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿಸಿದೆ. ಒಂದೂವರೆ ವಾರದಲ್ಲಿ ಕೈಗೆ ಬಂತು. ಸ್ಥಳೀಯ ಅಧಿಕಾರಿಯೇ ಗುತ್ತಿಗೆ ಮುಂದುವರಿಸಬಹುದು ಅಂತ ವರದಿ ಕೊಟ್ಟಿದ್ದರು! ಆ ವರದಿ ಆದೇಶದ ಉಲ್ಲೇಖದಲ್ಲಿ ಇರಲಿಲ್ಲ. ಇನ್ನೊಂದು ಪ್ರಯೋಗ ಪೂರ್ತಿ ಡ್ರಾಫ್ಟನ್ನು ಮೊದಲು ಕನ್ನಡದಲ್ಲಿ ಬರೆದು ಸಂಘದವರಿಗೆ ಓದಿ ಹೇಳಿದ್ದು. ತಾರೀಖಿನ ಗೊಂದಲ ಎರಡು ಮೂರು ಅಲ್ಲೇ ಸಿಕ್ಕವು. ಸಮಯ ತಿನ್ನುತ್ತದೆ, ಎಲ್ಲ ಕೇಸಿಗೂ ಆಗುವ ಮಾತಲ್ಲ.

ಫೈಲಿಂಗ್‌ನಲ್ಲಿ ಆಫೀಸ್ ಆಬ್ಜೆಕ್ಷನ್ ಬಂದವು. ಸಂಘದ ಠರಾವು ಕೈಬರಹದಲ್ಲಿತ್ತು, ಟೈಪ್ ಪ್ರತಿ ಕೇಳಿದರು. ಒಂದು ರಸೀದಿ ಮಸುಕಾಗಿತ್ತು. ಅವನ್ನು ಸರಿಪಡಿಸಿ ಪೋಸ್ಟಿಂಗ್ ಬಂದ ದಿನ ಸರ್ಕಾರಿ ವಕೀಲರು ನೋಟಿಸ್ ತೆಗೆದುಕೊಂಡು ಸೂಚನೆ ಪಡೆಯಲು ಸಮಯ ಕೇಳಿದರು. ತಡೆ ಸಿಗಲಿಲ್ಲ. ಹೊರಗೆ ಬಂದಾಗ ಸಂಘದವರ ಮುಖ ನೋಡಲು ಆಗುತ್ತಿರಲಿಲ್ಲ. ಮುಂದಿನ ತಾರೀಖಿಗೆ ಮೊದಲ ಎರಡು ಮೆಟ್ಟಿಲನ್ನು ಒತ್ತಲೇ ಇಲ್ಲ. ನೀರಿನ ಫೋಟೋ ಇರುವ ಪುಟ ಸಂಖ್ಯೆ ಹೇಳಿ ನೇರ ಮೂರನೆಯದನ್ನು ಓದಿದೆ. ಸರ್ಕಾರಿ ವಕೀಲರು "ಅಧಿಕಾರಿ ಇರಬೇಕು" ಅಂದರು. ಅದು ನಮ್ಮ ಪ್ರಾರ್ಥನೆಯಲ್ಲೇ ಇದೆ ಅಂದೆ. ಹತ್ತು ನಿಮಿಷದಲ್ಲಿ ಆದೇಶವಾಯಿತು, ಹೆಚ್ಚುಕಮ್ಮಿ ನಾನು ಬರೆದ ಪದಗಳಲ್ಲೇ.

ಮಾರ್ಚಿನಲ್ಲಿ ಬಲೆ ಬಿತ್ತು. 15 ಟನ್ ಆಸುಪಾಸು ಸಿಕ್ಕಿತು, 12-13 ಲಕ್ಷ ಖಾತೆಗೆ ಬಂತು. ಕೈಸಾಲದವರು ಬಾಗಿಲು ತಟ್ಟುತ್ತಿದ್ದರಿಂದ ಒಂದು ಭಾಗ ಬಿಡಿಸಿಕೊಡಿ ಅಂತ ಮಧ್ಯಂತರ ಅರ್ಜಿ ಹಾಕಿದೆವು, ಹಾಕಿದ ಖರ್ಚಿನಷ್ಟು ಬಿಡುಗಡೆಯಾಯಿತು. ನನ್ನ ಫೀಸು 40 ಸಾವಿರ ಚಿಲ್ಲರೆ, ನಾಲ್ಕು ಕಂತಿನಲ್ಲಿ. ಜೆರಾಕ್ಸ್, ಟೈಪಿಂಗ್, ಓಡಾಟಕ್ಕೆ ಇನ್ನೊಂದು ಎಂಟು ಹತ್ತು ಸಾವಿರ ಅವರಿಗೆ ಆಗಿರಬೇಕು.

ಅಂತಿಮ ತೀರ್ಪು ಬರಲು ವರ್ಷದ ಮೇಲಾಯಿತು. ಆದೇಶ ರದ್ದು, ನೋಟಿಸ್ ಕೊಟ್ಟು ಹೊಸದಾಗಿ ತೀರ್ಮಾನಿಸಲು ಸರ್ಕಾರಕ್ಕೆ ಸ್ವಾತಂತ್ರ್ಯ. ನೋಟಿಸ್ ಇಲ್ಲದ ಪ್ರಕರಣದಲ್ಲಿ ಸಾಮಾನ್ಯವಾಗಿ ಇಷ್ಟೇ ಸಿಗುವುದು, ಕಕ್ಷಿದಾರರಿಗೆ ಇದನ್ನು ಮೊದಲೇ ಹೇಳಿಡಿ. ಉಳಿದ ಹಣ ಸಂಘಕ್ಕೆ ಬಂತು. ತೀರ್ಪಿನ ಪ್ರತಿ ಕೈಗೆ ಬಂದ ವಾರವೇ, ಸರ್ಕಾರ ರಿಟ್ ಅಪೀಲು ಹಾಕಿದರೆ ನಮ್ಮನ್ನು ಕೇಳದೆ ಆದೇಶ ಆಗದಿರಲಿ ಅಂತ ಕೇವಿಯಟ್ ಹಾಕಿಸಿದೆ. ಅಪೀಲು ಬರಲಿಲ್ಲ, ಕಾರಣ ಕೇಳುವ ನೋಟಿಸ್ ಬಂತು. ಅದಕ್ಕೆ ಉತ್ತರ ಬರೆಯುವಾಗ ತಡವಾದ ಕಂತಿನ ರಸೀದಿಯನ್ನೇ ಮೊದಲ ಕಾಗದವಾಗಿ ಲಗತ್ತಿಸಿದೆ.